ಆಯುಧ ಪೂಜೆಗೆ ಅಂಗಡಿಯ ಶುಭಾಶಯ: ಮಾರಾಟದ ಮಾತಿಲ್ಲದೆ ಹೆಸರು ಉಳಿಯುವಂತೆ ಕ್ಯಾಪ್ಷನ್ ಬರೆಯುವುದು ಹೇಗೆ

ಆಯುಧ ಪೂಜೆಯ ದಿನ ದಾವಣಗೆರೆಯಲ್ಲಿ ಯಾರ ಫೋನಿನಲ್ಲಿ ಸ್ಟೇಟಸ್ ತೆರೆದರೂ ಒಂದೇ ಬಗೆಯ ಚಿತ್ರಗಳು ಸಾಲಾಗಿ ಬರುತ್ತವೆ. ಸಿಂಹದ ಮೇಲೆ ಕುಳಿತ ದೇವಿ, ಅಂಚಿಗೆ ಚೆಂಡು ಹೂವಿನ ಮಾಲೆ, ಕೆಳಗೆ ಅಂಗಡಿಯ ಹೆಸರು, ಮಾಲೀಕರ ಫೋಟೊ, ಎರಡು ಫೋನ್ ನಂಬರ್, ಜೊತೆಗೆ "ಹಬ್ಬದ ಪ್ರಯುಕ್ತ ವಿಶೇಷ ರಿಯಾಯಿತಿ". ಹೆಸರೊಂದನ್ನು ಬದಲಿಸಿದರೆ ಬಟ್ಟೆ ಅಂಗಡಿಯದು ಟೈರ್ ಅಂಗಡಿಗೆ, ಟೈರ್ ಅಂಗಡಿಯದು ಬೇಕರಿಗೆ ಹೊಂದುತ್ತದೆ. ನೋಡಿದವರು ಹೆಬ್ಬೆರಳಿನಿಂದ ಸರಿಸಿ ಮುಂದೆ ಹೋಗುತ್ತಾರೆ.

ಈ ಬರಹದಲ್ಲಿ ಒಂದೇ ಹಬ್ಬ, ಒಂದೇ ಬಗೆಯ ಅಂಗಡಿಯನ್ನು ಹಿಡಿದು, ಕ್ಯಾಪ್ಷನ್ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ. ಹಬ್ಬ ಆಯುಧ ಪೂಜೆ. ಅಂಗಡಿ, ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಮಾಡುವಂಥದ್ದು. ಚನ್ನಗಿರಿ ಕಡೆಯ ಅಡಿಕೆ ತೋಟದಿಂದ ಹಿಡಿದು ಚಿತ್ರದುರ್ಗ ಸೀಮೆಯ ಹೊಲಗಳವರೆಗೆ ಎಲ್ಲರಿಗೂ ಈ ಅಂಗಡಿಯ ಪರಿಚಯ ಇದ್ದೇ ಇರುತ್ತದೆ. ಇದನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಇಲ್ಲಿ ಮಾರಾಟದ ಮಾತು ಮಿಕ್ಕ ಅಂಗಡಿಗಳಿಗಿಂತ ಹೆಚ್ಚು ಕೆಡುಕಾಗಿ ಕೇಳುತ್ತದೆ. ಗಿರಾಕಿ ಇಲ್ಲಿಗೆ ಬರುವುದೇ ಮೋಟಾರ್ ಸುಟ್ಟಾಗ. "ಒಮ್ಮೆ ಭೇಟಿ ಕೊಡಿ" ಎಂದು ಹಬ್ಬದ ದಿನ ಕರೆದರೆ, ನಿಮ್ಮ ಮೋಟಾರ್ ಕೆಡಲಿ ಎಂದು ಹರಸಿದಂತಾಗುತ್ತದೆ.

ಮೊದಲು, ಹಬ್ಬದೊಳಗೆ ನಿಮ್ಮ ಜಾಗ ಹುಡುಕಿ

ಬರೆಯಲು ಕೂರುವ ಮುನ್ನ ಆ ಹಬ್ಬದ ದಿನ ನಿಮ್ಮ ಗಿರಾಕಿ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪುರಾಣದ ಕಥೆ ಬೇಡ, ಕೈಯಿಂದ ಮಾಡುವ ಕೆಲಸಗಳು ಸಾಕು. ಟ್ರ್ಯಾಕ್ಟರ್ ತೊಳೆಯುತ್ತಾರೆ. ಕುಡುಗೋಲು, ಗುದ್ದಲಿ, ಸಲಿಕೆ ತೊಳೆದು ಸಾಲಾಗಿ ಇಡುತ್ತಾರೆ. ಬೈಕಿಗೆ ಹೂವು ಕಟ್ಟುತ್ತಾರೆ, ಗಾಲಿಗೆ ನಿಂಬೆಹಣ್ಣು ಇಡುತ್ತಾರೆ, ಬೂದುಗುಂಬಳ ಒಡೆಯುತ್ತಾರೆ. ತೋಟಕ್ಕೆ ಹೋಗಿ ಪಂಪಿಗೂ ಪೂಜೆ ಮಾಡುತ್ತಾರೆ.

ಆ ಕೊನೆಯ ಸಾಲಿನ ಹತ್ತಿರ ನಿಲ್ಲಿ. ಸಬ್‌ಮರ್ಸಿಬಲ್ ಮೋಟಾರ್ ನೂರಾರು ಅಡಿ ಕೆಳಗೆ ನೀರಿನಲ್ಲಿ ಮುಳುಗಿರುತ್ತದೆ. ಅದಕ್ಕೆ ಕುಂಕುಮ ಹಚ್ಚಲು ಆಗುವುದಿಲ್ಲ. ಹಾಗಾಗಿ ರೈತರು ಕುಂಕುಮ ಹಚ್ಚುವುದು ಮೇಲಿರುವ ಸ್ಟಾರ್ಟರ್ ಪೆಟ್ಟಿಗೆಗೆ, ಹೂವು ಇಡುವುದು ಪೈಪಿನ ಬಾಯಿಗೆ. ವರ್ಷವಿಡೀ ದುಡಿದದ್ದು ಕೆಳಗೆ ಕಾಣದೆ ಇರುವ ಮೋಟಾರ್, ಪೂಜೆ ಸಿಗುವುದು ಮೇಲಿನ ಪೆಟ್ಟಿಗೆಗೆ. ತೋಟ ಇರುವ ಎಲ್ಲರೂ ಇದನ್ನು ಕಂಡಿದ್ದಾರೆ, ಆದರೆ ಬಾಯಿಬಿಟ್ಟು ಹೇಳಿದವರು ಕಡಿಮೆ. ರಿವೈಂಡಿಂಗ್ ಅಂಗಡಿಯವರಿಗೆ ಹಬ್ಬದೊಳಗೆ ಇರುವ ಜಾಗ ಇದೇ. ಆ ಕಾಣದ ಮೋಟಾರನ್ನು ಬಿಚ್ಚಿ, ಒಳಗಿನ ತಂತಿ ಸುತ್ತಿ, ಕೈಯಾರೆ ಬಲ್ಲವರು ಅವರೇ ಆದ್ದರಿಂದ ಈ ಮಾತು ಅವರ ಬಾಯಲ್ಲಿ ಸಲ್ಲುತ್ತದೆ.

ಜಾಗ ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು. ಅಂಗಡಿಯ ಹೆಸರನ್ನು ಬೆರಳಿನಿಂದ ಮುಚ್ಚಿ, ಕ್ಯಾಪ್ಷನನ್ನು ಮನೆಯವರೊಬ್ಬರಿಗೆ ಓದಲು ಕೊಡಿ. ಯಾವ ಕಸುಬಿನವರು ಬರೆದದ್ದು ಎಂದು ಅವರು ಹೇಳಬಲ್ಲರಾದರೆ ಮೊದಲನೆಯದು ಗೆದ್ದಿತು. ಆಮೇಲೆ ಆ ಹೆಸರಿನ ಜಾಗದಲ್ಲಿ ಒಂದು ಬೇಕರಿಯ ಹೆಸರು ಇಟ್ಟು ಓದಿ. ಆಗಲೂ ಸರಿಯಾಗಿಯೇ ಕೇಳಿದರೆ ನೀವು ಇನ್ನೂ ಎಲ್ಲರ ಮಾತನ್ನೇ ಬರೆದಿದ್ದೀರಿ, ಮತ್ತೆ ಹಾಳೆಗೆ ಹೋಗಿ.

ಒಂದೇ ಕ್ಯಾಪ್ಷನ್, ಮೂರು ಸಲ ಬರೆದಾಗ

ಸಾಮಾನ್ಯವಾಗಿ ಮೊದಲು ಕೈಗೆ ಬರುವುದು ಹೀಗಿರುತ್ತದೆ:

"ನಮ್ಮ ಎಲ್ಲಾ ಗ್ರಾಹಕ ಬಾಂಧವರಿಗೆ ಆಯುಧ ಪೂಜೆ ಹಾಗೂ ವಿಜಯದಶಮಿ ಹಬ್ಬದ ಹಾರ್ದಿಕ ಶುಭಾಶಯಗಳು. ನಮ್ಮಲ್ಲಿ ಎಲ್ಲಾ ತರಹದ ಸಬ್‌ಮರ್ಸಿಬಲ್ ಮೋಟಾರ್‌ಗಳನ್ನು ಗ್ಯಾರಂಟಿಯೊಂದಿಗೆ ರಿವೈಂಡಿಂಗ್ ಮಾಡಿಕೊಡಲಾಗುವುದು. ಹಬ್ಬದ ಪ್ರಯುಕ್ತ ವಿಶೇಷ ರಿಯಾಯಿತಿ. ಒಮ್ಮೆ ಭೇಟಿ ಕೊಡಿ."

ಇದರಲ್ಲಿ ಶುಭಾಶಯ ಒಂದು ವಾಕ್ಯ, ಜಾಹೀರಾತು ಮೂರು ವಾಕ್ಯ. ಓದುವವರು ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಮೊದಲನೆಯದು ಬರೀ ನೆಪ ಎಂದು ಗೊತ್ತಾಗಿಬಿಡುತ್ತದೆ. "ಮಾಡಿಕೊಡಲಾಗುವುದು" ಎಂಬುದು ಬೋರ್ಡಿನ ಭಾಷೆ, ಯಾರೂ ಯಾರಿಗೂ ಹಬ್ಬಕ್ಕೆ ಹೀಗೆ ಮಾತಾಡುವುದಿಲ್ಲ. ರಿಯಾಯಿತಿ ಎಷ್ಟು, ಯಾವುದಕ್ಕೆ, ಯಾವಾಗಿನವರೆಗೆ ಎಂಬುದೂ ಇಲ್ಲ. ಅಂದರೆ ಜಾಹೀರಾತಾಗಿಯೂ ಅದು ಅರ್ಧಂಬರ್ಧ.

ಜಾಹೀರಾತು ತೆಗೆಯಿರಿ ಎಂದು ಹೇಳಿದ ಕೂಡಲೇ ಎರಡನೆಯ ಸಲ ಬರುವ ತಪ್ಪು ಇನ್ನೂ ಚತುರವಾಗಿರುತ್ತದೆ:

"ನಾವು ಸುತ್ತುವ ತಾಮ್ರದ ತಂತಿಯಂತೆ ನಿಮ್ಮ ಬದುಕೂ ಗಟ್ಟಿಯಾಗಿರಲಿ, ನಮ್ಮ ಗ್ಯಾರಂಟಿಯಂತೆ ನಿಮ್ಮ ಖುಷಿಗೂ ಗ್ಯಾರಂಟಿ ಇರಲಿ."

ಬರೆದವರಿಗೆ ಇದು ಇಷ್ಟವಾಗುತ್ತದೆ, ಅದೇ ಇದರ ಅಪಾಯ. ಇಲ್ಲಿ ಮಾರಾಟ ಹೋಗಿಲ್ಲ, ಹಾರೈಕೆಯ ಒಳಗೆ ಬಚ್ಚಿಟ್ಟುಕೊಂಡಿದೆ. ಓದುಗರ ಬದುಕನ್ನು ನಿಮ್ಮ ಸಾಮಾನಿಗೆ ಹೋಲಿಸಿದರೆ ಹೊಗಳಿಕೆ ಸಿಗುವುದು ಸಾಮಾನಿಗೆ. "ನಾವು", "ನಮ್ಮ" ಎರಡೂ ಬಂದಿರುವುದೇ ಸುಳಿವು. ಒಂದು ಹಬ್ಬದ ಕ್ಯಾಪ್ಷನ್‌ನಲ್ಲಿ "ನಾವು, ನಮ್ಮ" ಒಂದು ಸಲಕ್ಕಿಂತ ಹೆಚ್ಚು ಬಂದರೆ ನಿಂತು ನೋಡಬೇಕು.

ಈಗ ಹಾಳೆಯಲ್ಲಿ ಸಿಕ್ಕ ಜಾಗದಿಂದ ಹೊರಟು ಬರೆಯೋಣ:

"ಕುಂಕುಮ ಸ್ಟಾರ್ಟರಿಗೆ, ನಮಸ್ಕಾರ ಬೋರಿನಾಳದ ಮೋಟಾರಿಗೆ.
ಇಳಿಸಿದ ಮೋಟಾರ್ ಅಲ್ಲೇ ನೆಮ್ಮದಿಯಾಗಿ ತಿರುಗುತ್ತಿರಲಿ, ತೋಟಕ್ಕೆ ನೀರು ತುಂಬಿ ಬರಲಿ.
ಆಯುಧ ಪೂಜೆಯ ಶುಭಾಶಯಗಳು."

ಕೆಳಗೆ ಅಂಗಡಿಯ ಹೆಸರು, ಅದರ ಪಕ್ಕ "ದಾವಣಗೆರೆ". ಅಷ್ಟೇ.

ಮೊದಲ ಸಾಲು ಓದುಗರು ಆ ದಿನ ಮಾಡುವ ಕೆಲಸವನ್ನೇ ಅವರಿಗೆ ತೋರಿಸುತ್ತದೆ. ಎರಡನೆಯ ಸಾಲು ಅಂಗಡಿಯ ಲಾಭಕ್ಕೆ ಎದುರಾದ ಹಾರೈಕೆ. ಇಳಿಸಿದ ಮೋಟಾರ್ ಮೇಲೆ ಬಾರದಿದ್ದರೆ ರಿವೈಂಡಿಂಗ್ ಅಂಗಡಿಗೆ ಕೆಲಸವಿಲ್ಲ, ಅದು ರೈತರಿಗೂ ಗೊತ್ತು. ಮೋಟಾರ್ ಎತ್ತಿಸುವುದೆಂದರೆ ಗಾಡಿ ಕರೆಸಬೇಕು, ಪೈಪ್ ಬಿಚ್ಚಬೇಕು, ಕೂಲಿ ಕೊಡಬೇಕು, ಅಷ್ಟು ದಿನ ತೋಟ ಒಣಗಬೇಕು. ಆ ತಾಪತ್ರಯ ನಿಮಗೆ ಬಾರದಿರಲಿ ಎಂದು ಅದರಿಂದಲೇ ದುಡಿಯುವವರು ಹೇಳಿದಾಗ ಮಾತಿಗೆ ತೂಕ ಬರುತ್ತದೆ. ಹೆಸರು ನೆನಪಿನಲ್ಲಿ ಉಳಿಯುವುದು ಈ ತೂಕದಿಂದ.

ಅದೇ ಸಾಲನ್ನು "ಮೋಟಾರ್ ಸುಡದಿರಲಿ" ಎಂದೂ ಬರೆಯಬಹುದಿತ್ತು. ಬೇಡ. ಹಬ್ಬದ ಬೆಳಿಗ್ಗೆ ಸುಡು, ಕೆಡು, ಒಣಗು ಎಂಬ ಮಾತುಗಳನ್ನು "ಆಗದಿರಲಿ" ಎಂದು ಸೇರಿಸಿ ಹೇಳಿದರೂ ಹಿರಿಯರಿಗೆ ಅಪಶಕುನವಾಗಿ ಕೇಳುತ್ತವೆ. ಆಗಬೇಕಾದದ್ದನ್ನೇ ಹೇಳಿ: ತಿರುಗಲಿ, ಬರಲಿ, ತುಂಬಲಿ.

"ಬೋರು" ಎಂದು ಬರೆದದ್ದೂ ಬೇಕೆಂದೇ. "ಕೊಳವೆಬಾವಿ" ಪತ್ರಿಕೆಗೆ ಚೆಂದ, ಆದರೆ ತೋಟದಲ್ಲಿ ನಿಂತವರು ಬೋರು ಎನ್ನುತ್ತಾರೆ. ಹಾಗೆಂದು ಪೂರ್ತಿ ಆಡುಮಾತಿಗೆ ಹೋಗುವುದು ಮಾಲೀಕರು ದಿನವೂ ಹಾಗೆಯೇ ಬರೆಯುವವರಾಗಿದ್ದರೆ ಮಾತ್ರ ಸರಿ. ವರ್ಷವಿಡೀ ಗ್ರಾಂಥಿಕವಾಗಿ ಬರೆದು ಹಬ್ಬದ ದಿನ ಮಾತ್ರ ಹಳ್ಳಿ ಮಾತು ತಂದರೆ ವೇಷ ಹಾಕಿದಂತೆ ಕಾಣುತ್ತದೆ.

ಹೆಸರು ಎಲ್ಲಿ, ಎಷ್ಟು ದೊಡ್ಡದಾಗಿ

ಹೆಸರು ಎಲ್ಲಿರಬೇಕೆಂಬುದು ಎಲ್ಲಿ ಹಾಕುತ್ತೀರಿ ಎಂಬುದರ ಮೇಲೆ ನಿಂತಿದೆ. ಇನ್‌ಸ್ಟಾಗ್ರಾಮ್‌ನಲ್ಲಿ ಪ್ರತಿ ಪೋಸ್ಟಿನ ಮೇಲೆ ಖಾತೆಯ ಹೆಸರು ತಾನಾಗಿ ಇರುತ್ತದೆ. ಅಲ್ಲಿ ಕ್ಯಾಪ್ಷನ್‌ನಲ್ಲೂ, ಚಿತ್ರದಲ್ಲೂ ಮತ್ತೆ ಬರೆದರೆ ಒಂದೇ ಪರದೆಯಲ್ಲಿ ಮೂರು ಸಲ ಹೆಸರು ಕೂಗಿದಂತೆ. ಅಲ್ಲಿ ಕ್ಯಾಪ್ಷನ್‌ನಿಂದ ಹೆಸರು ತೆಗೆದುಬಿಡಿ.

ವಾಟ್ಸ್ಆ್ಯಪ್‌ನ ಲೆಕ್ಕ ಬೇರೆ. ಚಿತ್ರ ಇಷ್ಟವಾದರೆ ಜನ ಅದನ್ನು ಊರಿನ ಗ್ರೂಪಿಗೆ ಕಳಿಸುತ್ತಾರೆ, ಸ್ಕ್ರೀನ್‌ಶಾಟ್ ತೆಗೆದು ತಮ್ಮ ಸ್ಟೇಟಸ್‌ಗೆ ಹಾಕಿಕೊಳ್ಳುತ್ತಾರೆ. ಆ ದಾರಿಯಲ್ಲಿ ಕ್ಯಾಪ್ಷನ್ ಉದುರಿ ಹೋಗಬಹುದು, ಮೊದಲು ಕಳಿಸಿದವರ ಹೆಸರಂತೂ ಇರುವುದೇ ಇಲ್ಲ. ಆದ್ದರಿಂದ ವಾಟ್ಸ್ಆ್ಯಪ್‌ಗೆ ಹೋಗುವ ಚಿತ್ರದಲ್ಲಿ ಮೊದಲ ಸಾಲೂ ಹೆಸರೂ ಚಿತ್ರದ ಮೇಲೆಯೇ ಇರಬೇಕು. ಹೆಸರು ಕೆಳಗಿನ ಒಂದು ಮೂಲೆಯಲ್ಲಿ, ಶುಭಾಶಯದ ಅಕ್ಷರದ ಅರ್ಧಕ್ಕಿಂತ ದೊಡ್ಡದಾಗದಂತೆ, ಒಂದೇ ಸಲ.

ಫೋನ್ ನಂಬರ್ ಹಾಕಲೇಬೇಕು ಎಂಬುದು ಮಾಲೀಕರ ಹಟ. ಅವರಿಗೆ ಹೀಗೆ ತಿಳಿಸಿ: ವಾಟ್ಸ್ಆ್ಯಪ್ ಸ್ಟೇಟಸ್ ಕಾಣುವುದು ನಿಮ್ಮ ನಂಬರ್ ಉಳಿಸಿಕೊಂಡವರಿಗೆ. ಬ್ರಾಡ್‌ಕಾಸ್ಟ್ ಪಟ್ಟಿಯ ಮೆಸೇಜ್ ತಲುಪುವುದೂ ನಂಬರ್ ಉಳಿಸಿಕೊಂಡವರಿಗೆ ಮಾತ್ರ, ಒಂದು ಪಟ್ಟಿಯಲ್ಲಿ 256 ಜನರವರೆಗೆ. ನಂಬರ್ ಈಗಾಗಲೇ ಇರುವವರಿಗೇ ನಂಬರ್ ಕೊಡುವುದರಲ್ಲಿ ಅರ್ಥವಿಲ್ಲ. ಗ್ರೂಪಿನಲ್ಲಿ ನೋಡಿದ ಹೊಸಬರಿಗೆ ಅಂಗಡಿಯ ಹೆಸರು, ಊರು ಇದ್ದರೆ ಹುಡುಕಿಕೊಳ್ಳುತ್ತಾರೆ.

ನಿಜವಾದ ರಿಯಾಯಿತಿ ಇದ್ದರೆ? ಅದನ್ನು ಹಬ್ಬ ಮುಗಿದು ಎರಡು ದಿನದ ಮೇಲೆ ಬೇರೆ ಪೋಸ್ಟಾಗಿ, ಎಷ್ಟು, ಯಾವುದಕ್ಕೆ, ಯಾವ ತಾರೀಖಿನವರೆಗೆ ಎಂದು ಸ್ಪಷ್ಟವಾಗಿ ಹಾಕಿ. ಬೇರೆ ಬೇರೆಯಾಗಿ ಎರಡೂ ಕೆಲಸ ಮಾಡುತ್ತವೆ, ಸೇರಿಸಿದರೆ ಒಂದನ್ನೊಂದು ಕೆಡಿಸುತ್ತವೆ.

ಅಳತೆ, ಅಕ್ಷರ, ಕಾಗುಣಿತ

ಇನ್‌ಸ್ಟಾಗ್ರಾಮ್ ಕ್ಯಾಪ್ಷನ್ 2,200 ಚಿಹ್ನೆಗಳವರೆಗೆ ಹೋಗಬಹುದು, ಆದರೆ ಒತ್ತಿ ತೆರೆಯದೆ ಕಾಣುವುದು ಸುಮಾರು ಮೊದಲ 125 ಮಾತ್ರ. ಕನ್ನಡದಲ್ಲಿ ಇದು ನಾವೆಣಿಸಿದಷ್ಟು ಉದ್ದವಲ್ಲ. ಫೋನು ಗುಣಿತ, ಒತ್ತು, ಅರ್ಕಾವತ್ತು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. "ಲಕ್ಷ್ಮಿ" ನಮಗೆ ಎರಡು ಅಕ್ಷರ, ಫೋನಿಗೆ ಏಳು ಚಿಹ್ನೆ. "ಶುಭಾಶಯಗಳು" ನಮಗೆ ಆರು, ಅದಕ್ಕೆ ಒಂಬತ್ತು. "ನಮ್ಮ ಎಲ್ಲಾ ಗ್ರಾಹಕ ಬಾಂಧವರಿಗೆ" ಎಂದು ಶುರುಮಾಡಿದರೆ ಕಾಣುವ ಜಾಗದ ಐದನೇ ಒಂದು ಪಾಲಿಗಿಂತ ಹೆಚ್ಚು ಸಂಬೋಧನೆಗೇ ಖರ್ಚು. ನಾವು ಬರೆದ ಮೊದಲ ಸಾಲು ಸುಮಾರು 45 ಚಿಹ್ನೆ, ಎರಡನೆಯದರ ಬಹುಪಾಲೂ ಮಡಚುವ ಮುನ್ನವೇ ಕಾಣುತ್ತದೆ.

ಚಿತ್ರ ಮಾಡುವವರು ಪ್ರಿಂಟಿಂಗ್ ಪ್ರೆಸ್ಸಿನವರಾಗಿದ್ದರೆ ಒಂದು ತೊಡಕು ಖಂಡಿತ ಎದುರಾಗುತ್ತದೆ. ಅಲ್ಲಿ ಅನೇಕರು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡುತ್ತಾರೆ. ಆ ಅಕ್ಷರಗಳನ್ನು ಹಾಗೇ ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ, ಏಕೆಂದರೆ ಆ ಫಾಂಟ್ ಇಂಗ್ಲಿಷ್ ಅಕ್ಷರದ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತದೆ. ಚಿತ್ರದ ಮೇಲಿನ ಅಕ್ಷರಕ್ಕೆ ಅದು ನಡೆಯುತ್ತದೆ. ಕ್ಯಾಪ್ಷನ್ ಮಾತ್ರ ಯೂನಿಕೋಡ್‌ನಲ್ಲಿರಬೇಕು, ಫೋನಿನ ಕನ್ನಡ ಕೀಬೋರ್ಡಿನಲ್ಲಿ ನೇರವಾಗಿ ಟೈಪ್ ಮಾಡಿದರೆ ಮುಗಿಯಿತು. ಇನ್ನು ಕೆಲವು ವಿನ್ಯಾಸದ ತಂತ್ರಾಂಶಗಳಲ್ಲಿ ಯೂನಿಕೋಡ್ ಅಕ್ಷರ ಹಾಕಿದಾಗ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದಿರುತ್ತದೆ. "ಸ್ಟಾರ್ಟರ್", "ನಮಸ್ಕಾರ" ಎರಡನ್ನೂ ಚಿತ್ರ ದೊಡ್ಡದು ಮಾಡಿ ಒಮ್ಮೆ ನೋಡಿ, ಅವು ಸರಿ ಇದ್ದರೆ ಉಳಿದವೂ ಸರಿ ಇರುತ್ತವೆ.

ಕಾಗುಣಿತ ನೋಡಲು ಬೇರೆಯವರ ಕಣ್ಣು ಬೇಕು. ಹಬ್ಬದ ಚಿತ್ರಗಳಲ್ಲಿ ಪದೇ ಪದೇ ಕಾಣುವ ತಪ್ಪುಗಳು ಮೂರು: "ಶುಭಾಶಯ" ಬದಲು "ಶುಭಾಷಯ", "ಹಾರ್ದಿಕ" ಬದಲು "ಹಾರ್ಧಿಕ", "ಆಯುಧ" ಬದಲು "ಆಯುದ". ಸ್ಟೇಟಸ್‌ನಲ್ಲಿ ಹಾಕಿದ ಮೇಲೆ ತಿದ್ದಲು ಅಳಿಸಿ ಮತ್ತೆ ಹಾಕಬೇಕು, ಅಷ್ಟರಲ್ಲಿ ಗ್ರೂಪುಗಳಿಗೆ ಹೋಗಿರುತ್ತದೆ.

ಯಾವ ಫೋಟೊ

ಈ ಕ್ಯಾಪ್ಷನ್‌ಗೆ ದೇವಿಯ ರೆಡಿಮೇಡ್ ಚಿತ್ರ ಹೊಂದುವುದಿಲ್ಲ. ಒಂದು ಸ್ಟಾರ್ಟರ್ ಪೆಟ್ಟಿಗೆ ಬೇಕು, ಮುಚ್ಚಳ ಹಾಕಿದ್ದು, ಅದರ ಮೇಲೆ ಕುಂಕುಮದ ಬೊಟ್ಟು, ಒಂದು ಸೇವಂತಿಗೆ. ಬಣ್ಣ ಮಾಸಿದ ಹಳೆಯ ಪೆಟ್ಟಿಗೆಯೇ ಒಳ್ಳೆಯದು, ಹೊಸದು ಕ್ಯಾಟಲಾಗಿನ ಚಿತ್ರದಂತೆ ಕಾಣುತ್ತದೆ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ತೆಗೆದರೆ ತಗಡಿನ ಮೇಲೆ ಬಿಸಿಲು ಹೊಳೆದು ಕುಂಕುಮ ಬಿಳಿಚಿಕೊಳ್ಳುವುದಿಲ್ಲ.

ತೆಗೆಯುವಾಗ ಮೇನ್ ಸ್ವಿಚ್ ಆರಿಸಿರಲಿ. ಮುಚ್ಚಳ ತೆರೆದು, ಒಳಗಿನ ಕಾಂಟ್ಯಾಕ್ಟರ್‌ಗೆ ಒದ್ದೆ ಕುಂಕುಮ ಹಚ್ಚಿದ ಫೋಟೊ ಚೆನ್ನಾಗಿ ಬಂದರೂ ಹಾಕಬೇಡಿ. ವಿದ್ಯುತ್ ಕೆಲಸದ ಅಂಗಡಿಯೇ ಅದನ್ನು ತೋರಿಸಿದರೆ ನೋಡಿದವರು ಹಾಗೇ ಮಾಡುತ್ತಾರೆ, ಬಲ್ಲವರು ನಿಮ್ಮ ಕೆಲಸದ ಬಗ್ಗೆಯೇ ಅನುಮಾನ ಪಡುತ್ತಾರೆ. ಗಿರಾಕಿಯ ತೋಟದ ಪೆಟ್ಟಿಗೆಯಾದರೆ ಅವರನ್ನು ಕೇಳಿ ತೆಗೆಯಿರಿ. ಮೇಲೆ ಬೆಸ್ಕಾಂನ ಆರ್.ಆರ್. ನಂಬರ್ ಬರೆದಿರುತ್ತದೆ, ಅದು ಚೌಕಟ್ಟಿನೊಳಗೆ ಬಾರದಂತೆ ನೋಡಿಕೊಳ್ಳಿ.

ಸ್ಟೇಟಸ್‌ಗಾದರೆ ಚಿತ್ರ 1080 × 1920 ಅಳತೆಯ ನಿಲುವಾಗಿರಲಿ, ಮೇಲಿನ 250 ಮತ್ತು ಕೆಳಗಿನ 300 ಪಿಕ್ಸೆಲ್‌ನಷ್ಟು ಜಾಗದಲ್ಲಿ ಅಕ್ಷರ ಬೇಡ. ಮೇಲೆ ನಿಮ್ಮ ಪ್ರೊಫೈಲ್ ಹೆಸರು, ಕೆಳಗೆ ಉತ್ತರ ಬರೆಯುವ ಪಟ್ಟಿ ಬಂದು ಅದನ್ನು ಮುಚ್ಚುತ್ತವೆ. ಇನ್‌ಸ್ಟಾಗ್ರಾಮ್ ಪೋಸ್ಟಿಗೆ 1080 × 1350.

ಯಾವಾಗ ಹಾಕಬೇಕು

ಆಯುಧ ಪೂಜೆ ಮಹಾನವಮಿಯಂದು, ತಾರೀಖು ವರ್ಷ ವರ್ಷ ಬದಲಾಗುತ್ತದೆ. 2025ರಲ್ಲಿ ಅದು ಅಕ್ಟೋಬರ್ 1ಕ್ಕೆ ಬಂದಿತ್ತು. ಹಳೆಯ ಚಿತ್ರವನ್ನೇ ತಿದ್ದಿ ಬಳಸುವವರು ತಾರೀಖು ಬದಲಿಸಲು ಮರೆಯುವುದುಂಟು, ಆದ್ದರಿಂದ ಚಿತ್ರದಲ್ಲಿ ತಾರೀಖೇ ಹಾಕದಿರುವುದು ಒಳ್ಳೆಯದು. ಸ್ಟೇಟಸ್ 24 ಗಂಟೆ ಇರುತ್ತದೆ. ಹಿಂದಿನ ಸಂಜೆ ಏಳರ ಸುಮಾರಿಗೆ, ಜನ ಆಯುಧಗಳನ್ನು ತೊಳೆದಿಟ್ಟು ಕುಳಿತಾಗ ಹಾಕಿದರೆ ಮರುದಿನ ಸಂಜೆವರೆಗೂ ಉಳಿಯುತ್ತದೆ, ತೋಟಕ್ಕೆ ಪೂಜೆಗೆ ಹೋಗುವ ಮುನ್ನ ಓದಿದವರಿಗೆ ಸ್ಟಾರ್ಟರ್ ಎದುರು ನಿಂತಾಗ ನೆನಪಿಗೂ ಬರುತ್ತದೆ. ಬ್ರಾಡ್‌ಕಾಸ್ಟ್ ಮಾತ್ರ ಹಬ್ಬದ ಬೆಳಿಗ್ಗೆಯೇ ಕಳಿಸಿ, ಹಿಂದಿನ ದಿನ ಬಂದ ಶುಭಾಶಯ ಅವಸರದ್ದಾಗಿ ಕಾಣುತ್ತದೆ.

ಮರುದಿನದ ವಿಜಯದಶಮಿಯನ್ನು ಅದೇ ಕ್ಯಾಪ್ಷನ್‌ಗೆ ಕಟ್ಟಬೇಡಿ. ಈ ಸೀಮೆಯಲ್ಲಿ ಅದು ಬನ್ನಿ ಕೊಟ್ಟು ತೆಗೆದುಕೊಳ್ಳುವ ದಿನ. "ಬನ್ನಿ ತಗೊಂಡು ಬಂಗಾರದಂಗಿರೋಣ" ಎಂಬ ಮಾತು ಎಲ್ಲರ ಬಾಯಲ್ಲೂ ಇರುವುದೇ. ಅದಕ್ಕೆ ಮೋಟಾರನ್ನೂ ಅಂಗಡಿಯನ್ನೂ ಜೋಡಿಸಲು ಹೋಗದೆ ಆ ಒಂದು ಸಾಲು, ಅಂಗಡಿಯವರು ಬನ್ನಿ ಹಿಡಿದ ಫೋಟೊ ಹಾಕಿದರೆ ಸಾಕು.

ಜಾಗವೇ ಸಿಗದಿದ್ದರೆ, ತಪ್ಪು ಜಾಗ ಸಿಕ್ಕರೆ

ಎಲ್ಲ ಕಸುಬಿಗೂ ಎಲ್ಲ ಹಬ್ಬದಲ್ಲೂ ಜಾಗ ಇರುವುದಿಲ್ಲ. ಔಷಧಿ ಅಂಗಡಿಗೆ ಆಯುಧ ಪೂಜೆಯಲ್ಲಿ ಹೇಳಲು ವಿಶೇಷವೇನೂ ಇಲ್ಲ. ಆಗ "ಆಯುಧ ಪೂಜೆಯ ಶುಭಾಶಯಗಳು. ಇವತ್ತು ಸಂಜೆ ಆರರವರೆಗೆ ತೆರೆದಿರುತ್ತೇವೆ" ಎಂದರೆ ಅದೇ ಒಳ್ಳೆಯ ಕ್ಯಾಪ್ಷನ್. ಹಬ್ಬದ ದಿನ ಔಷಧಿ ಬೇಕಾದವರಿಗೆ ಅದಕ್ಕಿಂತ ಬೇಕಾದ ಮಾತು ಬೇರೆ ಇಲ್ಲ. ಬೈಕ್ ಗ್ಯಾರೇಜಿನವರು ಒಡೆದ ಬೂದುಗುಂಬಳದ ಚೂರುಗಳನ್ನು ರಸ್ತೆಯ ಪಕ್ಕಕ್ಕೆ ಸರಿಸಿ ಎಂದು ಒಂದು ಸಾಲು ಸೇರಿಸಬಹುದು. ಕುಂಕುಮ ಬೆರೆತ ಆ ಚೂರಿನ ಮೇಲೆ ಗಾಲಿ ಜಾರುವುದನ್ನು ಅವರಷ್ಟು ಬಲ್ಲವರಿಲ್ಲ.

ತಪ್ಪು ಜಾಗದ ಉದಾಹರಣೆ ದೀಪಾವಳಿಗೆ ಸಿಗುತ್ತದೆ. ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರಾದ ಊರು. ಅಲ್ಲಿಯ ಎಣ್ಣೆ ಮಿಲ್ಲಿನವರಿಗೆ ನರಕ ಚತುರ್ದಶಿಯ ಎಣ್ಣೆಸ್ನಾನ ಥಟ್ಟನೆ ಹೊಳೆಯುತ್ತದೆ. ಆದರೆ ತಲೆಗೆ ಹಚ್ಚುವುದು ಕೊಬ್ಬರಿ ಎಣ್ಣೆ, ಹರಳೆಣ್ಣೆ, ಎಳ್ಳೆಣ್ಣೆ. ಶೇಂಗಾ ಎಣ್ಣೆಯ ಮಿಲ್ಲಿನಿಂದ ಅಭ್ಯಂಜನದ ಮಾತು ಬಂದರೆ ಮನೆಯ ಅಜ್ಜಿಯಂದಿರೇ ನಗುತ್ತಾರೆ. ಅದರ ಜಾಗ ಬಚ್ಚಲಲ್ಲ, ಒಲೆ: "ಬಾಣಲೆ ಇಟ್ಟ ಮೇಲೆ ಮಕ್ಕಳು ಅಡುಗೆಮನೆ ಬಿಟ್ಟು ಕದಲದ ಹಬ್ಬ. ದೀಪಾವಳಿಯ ಶುಭಾಶಯಗಳು." ಎಣ್ಣೆ ಎಂಬ ಪದವೇ ಇಲ್ಲ, ಆದರೂ ಕೆಳಗೆ ಮಿಲ್ಲಿನ ಹೆಸರು ಕಂಡರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹಾಕಿದ ಮೇಲೆ

ಕ್ಯಾಪ್ಷನ್ ತಾಗಿತೇ ಎಂದು ಎಷ್ಟು ಜನ ನೋಡಿದರು ಎಂಬುದರಿಂದ ತಿಳಿಯುವುದಿಲ್ಲ, ಹಬ್ಬದ ದಿನ ಎಲ್ಲರೂ ಎಲ್ಲರದ್ದನ್ನೂ ನೋಡಿರುತ್ತಾರೆ. ಬಂದ ಉತ್ತರಗಳನ್ನು ಓದಿ. ಬರೀ ಕೈಮುಗಿದ ಚಿಹ್ನೆಗಳಾದರೆ ಮರ್ಯಾದೆಗೆ ಕಳಿಸಿದ್ದು. "ಏನ್ ಆಫರ್ ಐತಿ?" ಎಂದು ಕೇಳಿದರೆ ಎಲ್ಲೋ ಮಾರಾಟದ ವಾಸನೆ ಉಳಿದಿದೆ ಎಂದರ್ಥ, ಹೆಚ್ಚಾಗಿ ಅದು ಚಿತ್ರದ ಬಣ್ಣ, ಅಕ್ಷರದ ಗಾತ್ರದಲ್ಲಿರುತ್ತದೆ. ಯಾರಾದರೂ ತಮ್ಮ ತೋಟದ ಸ್ಟಾರ್ಟರಿನ ಫೋಟೊ ತೆಗೆದು ತಿರುಗಿ ಕಳಿಸಿದರೆ ಮಾತು ತಲುಪಿದೆ. ಅಂಥವರಿಗೆ ಅಂದೇ, ಹೆಸರು ಹಿಡಿದು, "ಗೌಡ್ರೆ, ಹೂವು ಚೆನ್ನಾಗೈತಿ, ಹಬ್ಬ ಚೆನ್ನಾಗಿ ಆಗ್ಲಿ" ಎಂದು ಉತ್ತರ ಬರೆಯಿರಿ. ಆ ಉತ್ತರದಲ್ಲೂ ಮೋಟಾರ್ ಹೇಗಿದೆ ಎಂದು ವಿಚಾರಿಸಬೇಡಿ, ಅದನ್ನು ಬೇಸಿಗೆಗೆ ಮುಂಚೆ ಬೇರೆಯಾಗಿ ಕೇಳಬಹುದು.